ಪದಚರ್ಚೆ: ‘ಕ್ರಿಟಿಕಲಿ ಡ್ಯಾಂಪ್ಡ್’ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳೋಣ?

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಸೇರಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಮೊಬೈಲಿನಲ್ಲಿ ಒಂದು ಚಿಕ್ಕ ಆಟ ಮಾಡುತ್ತಿದ್ದೇವೆ. ಚಂದ್ರಗಿರಿ ಹೊಳೆಯಲ್ಲಿ ದೋಣಿ ಹೋಗುತ್ತದೆ, ಕ್ಯಾಮೆರಾ ಅದರ ಹಿಂದೆಯೇ ಬರುತ್ತದೆ. ಆಟದ ಜೊತೆಗೆ, ದೊಡ್ಡ ಮಕ್ಕಳು ತಾವೇ ತಿದ್ದಿ ನೋಡಲಿ ಅಂತ ಕನ್ನಡದಲ್ಲೇ ವಿವರಣೆ ಬರೆಯುತ್ತಿದ್ದೇನೆ. ನಾನು ಸಿಕ್ಕಿಬಿದ್ದದ್ದು ಅಲ್ಲೇ.

ಮೊದಲು ಕ್ಯಾಮೆರಾಕ್ಕೆ ಎಲ್ಲರೂ ಬರೆಯುವ ಸಾಲನ್ನೇ ಬರೆದಿದ್ದೆವು.

```
x = lerp(x, target, 0.1)
```

ಪ್ರತಿ ಫ್ರೇಮಿಗೂ ಉಳಿದ ದೂರದ ಹತ್ತನೇ ಒಂದು ಪಾಲು ಮುಂದೆ ಹೋಗುವುದು, ಅಷ್ಟೇ. ನನ್ನ ಫೋನಿನಲ್ಲಿ ಸೆಕೆಂಡಿಗೆ 60 ಫ್ರೇಮು, ದೋಣಿಯ ವೇಗ ಸೆಕೆಂಡಿಗೆ 200 ಪಿಕ್ಸೆಲ್. ಕ್ಯಾಮೆರಾ 30 ಪಿಕ್ಸೆಲ್ ಹಿಂದೆ ಉಳಿದು ಚೆನ್ನಾಗಿಯೇ ಬರುತ್ತಿತ್ತು. ತಂಗಿಯ ಮಗನ ಹಳೆಯ ಫೋನಿನಲ್ಲಿ ಸೆಕೆಂಡಿಗೆ ಬರೀ 30 ಫ್ರೇಮು. ಅಲ್ಲಿ ಅದೇ ದೋಣಿ 60 ಪಿಕ್ಸೆಲ್ ಮುಂದೆ ಓಡಿ ಪರದೆಯ ಅಂಚಿಗೆ ಬಂದು, ಎದುರಿನ ಬಂಡೆ ಕಾಣುವಷ್ಟರಲ್ಲಿ ಡಿಕ್ಕಿ ಹೊಡೆಯುತ್ತಿತ್ತು. ಹುಡುಗ ‘ನಂಗೆ ಬರುದಿಲ್ಲ’ ಅಂತ ಫೋನು ಕೆಳಗಿಟ್ಟ. ತಪ್ಪು ಅವನದ್ದಲ್ಲ, ನಮ್ಮದು.

ಈಗ ಕ್ರಿಟಿಕಲಿ ಡ್ಯಾಂಪ್ಡ್ ಸ್ಪ್ರಿಂಗ್ ಹಾಕಿದ್ದೇವೆ, ಅಂದರೆ ಕ್ಯಾಮೆರಾವನ್ನು ತೂಗಾಡಿಸದೆ ದೋಣಿಯ ಕಡೆಗೆ ಎಳೆಯುವ ಲೆಕ್ಕ. ಅದರ ವಿವರಣೆಯನ್ನು ಗೆಳತಿಯೊಬ್ಬಳು ನಿಘಂಟು ನೋಡಿ ಕನ್ನಡಕ್ಕೆ ತಂದಳು, ‘ವಿಮರ್ಶಾತ್ಮಕವಾಗಿ ತೇವಗೊಳಿಸಿದ’ ಅಂತ ಆಯಿತು. ಇಲ್ಲಿ ವಿಮರ್ಶೆಯೂ ಇಲ್ಲ, ತೇವವೂ ಇಲ್ಲ. ನನ್ನ ಮನಸ್ಸಿನಲ್ಲಿರುವುದು ‘ಹದ ತಡೆ’. ಬೆಲ್ಲದ ಪಾಕಕ್ಕೆ ಹದ ಅನ್ನುತ್ತೇವಲ್ಲ, ಒಂದು ಗಳಿಗೆ ಮೊದಲು ನೀರು, ಒಂದು ಗಳಿಗೆ ಆಮೇಲೆ ಕಲ್ಲು. ಹೇಗಿದೆ, ಹೇಳಿ.

ಪೆರ್ಲದಿಂದ, ನಿವೃತ್ತ ಭೌತಶಾಸ್ತ್ರ ಅಧ್ಯಾಪಕರು

ನಾನು ತರಗತಿಯಲ್ಲಿ ಡ್ಯಾಂಪಿಂಗಿಗೆ ‘ಅವಮಂದನ’ ಎಂದೇ ಹೇಳುತ್ತಿದ್ದೆ, ಕ್ರಿಟಿಕಲ್‌ಗೆ ‘ಕ್ರಾಂತಿಕ’. ಆದರೆ ಮಕ್ಕಳಿಗೆ ಅರ್ಥವಾದದ್ದು ಆ ಪದದಿಂದಲ್ಲ, ತೊಟ್ಟಿಲಿನಿಂದ. ತೂಗಿ ಬಿಟ್ಟ ತೊಟ್ಟಿಲು ನಡುವನ್ನು ದಾಟಿ ದಾಟಿ ಆಡುತ್ತದೆ, ಅದಕ್ಕೆ ತಡೆ ಸಾಲದು. ಅದೇ ತೊಟ್ಟಿಲನ್ನು ಜೇನಿನಲ್ಲಿ ಮುಳುಗಿಸಿದಂತೆ ಯೋಚಿಸಿ, ನಡುವಿಗೆ ಬರಲು ಯುಗ ಬೇಕು. ಇವೆರಡರ ನಡುವೆ ಒಂದೇ ಒಂದು ಗೆರೆ ಇದೆ, ಅಲ್ಲಿ ತೂಗಾಟವಿಲ್ಲ, ವೃಥಾ ತಡವೂ ಇಲ್ಲ. ಕ್ರಿಟಿಕಲ್ ಎಂದರೆ ಆ ಗೆರೆ. ‘ಹದ’ ಎಂದರೆ ಚೆನ್ನಾಗಿದೆ ಎಂದಷ್ಟೇ ಆಗುತ್ತದೆ, ಗೆರೆ ಎಂಬ ಅರ್ಥ ಬರುವುದಿಲ್ಲ. ‘ಅಂಚಿನ ತಡೆ’ ಎನ್ನಬಹುದೇ? ಈ ಗೆರೆಯ ಮೇಲಿರುವ ವಸ್ತು ಗುರಿಯನ್ನು ಎಂದಿಗೂ ದಾಟುವುದಿಲ್ಲ ಎಂಬುದನ್ನೂ ವಿವರಣೆಯಲ್ಲಿ ಸೇರಿಸಿ.

ನೀರ್ಚಾಲಿನಿಂದ

ಅಕ್ಕ, ನನ್ನದು ಆಟವಲ್ಲ, ಅಂಗಡಿಯ ಬಿಲ್ಲಿನ ಆ್ಯಪ್. ಒಟ್ಟು ಮೊತ್ತ ಸರಸರ ಏರುತ್ತಾ ಹೋಗಿ ನಿಲ್ಲಬೇಕು ಅಂತ ನಾನೂ ಇದೇ 0.1ರ ಸಾಲು ಹಾಕಿದ್ದೆ. 500 ರೂಪಾಯಿಯ ಬಿಲ್ಲು 491ಕ್ಕೆ ಬಂದು ನಿಂತುಬಿಟ್ಟಿತು! ಗಿರಾಕಿ 491 ಕೊಟ್ಟು ಹೋದರು. ಇದಕ್ಕೂ ಸ್ಪ್ರಿಂಗೇ ಬೇಕಾ?

ಕುಂಬಳೆಯವರು, ಈಗ ಬೆಂಗಳೂರಿನಲ್ಲಿ ಆಟಗಳ ಕೆಲಸ

ನೀರ್ಚಾಲಿನವರದ್ದು ಬೇರೆಯದೇ ತೊಂದರೆ. ನೀವು ಮೊತ್ತವನ್ನು ಪೂರ್ಣಾಂಕದಲ್ಲಿ ಇಟ್ಟಿದ್ದೀರಿ. 491ಕ್ಕೆ ಬಂದಾಗ ಉಳಿದದ್ದು 9, ಅದರ ಹತ್ತನೇ ಪಾಲು 0.9, ದಶಾಂಶ ಕತ್ತರಿಸಿದರೆ ಸೊನ್ನೆ, ಹಾಗಾಗಿ ಮುಂದೆ ಹೋಗುವುದೇ ಇಲ್ಲ. ಒಳಗೆ ದಶಾಂಶದಲ್ಲೇ ಇಡಿ, ತೋರಿಸುವಾಗ ಮಾತ್ರ ದುಂಡಾಗಿಸಿ, ಅರ್ಧ ರೂಪಾಯಿಗಿಂತ ಹತ್ತಿರ ಬಂದ ಕೂಡಲೇ ಗುರಿಯನ್ನೇ ಬರೆದುಬಿಡಿ. ಸ್ಪ್ರಿಂಗ್ ಹಾಕಿದರೂ ಈ ಕೊನೆಯ ಹೆಜ್ಜೆ ಬೇಕೇ ಬೇಕು, ಯಾಕೆಂದರೆ ಲೆಕ್ಕದ ಪ್ರಕಾರ ಅದೂ ಗುರಿಯ ಹತ್ತಿರ ಹತ್ತಿರ ಬರುತ್ತಲೇ ಇರುತ್ತದೆ. ಮತ್ತೆ, ದುಡ್ಡು ತೆಗೆದುಕೊಳ್ಳುವುದು ನಿಜವಾದ ಮೊತ್ತ ನೋಡಿ ಆಗಬೇಕು, ಓಡುತ್ತಿರುವ ಅಂಕಿ ನೋಡಿ ಅಲ್ಲ.

ಅಕ್ಕ, ನಿಮ್ಮ 30–60 ಪಿಕ್ಸೆಲಿನ ತೊಂದರೆಗೂ ನಿಜವಾಗಿ ಸ್ಪ್ರಿಂಗ್ ಬೇಕಿರಲಿಲ್ಲ. 0.1ರ ಜಾಗದಲ್ಲಿ `1 - exp(-6.3*dt)` ಹಾಕಿ, `dt`ಗೆ ಒಂದು ಫ್ರೇಮಿಗೆ ಹಿಡಿದ ಸೆಕೆಂಡು ಕೊಟ್ಟಿದ್ದರೆ ಎರಡೂ ಫೋನಿನಲ್ಲಿ ದೋಣಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಇರುತ್ತಿತ್ತು. ಸ್ಪ್ರಿಂಗ್ ಬೇಕಾಗುವುದು ಇನ್ನೊಂದು ಕಡೆ. ದೋಣಿ ಬಿಟ್ಟು 600 ಪಿಕ್ಸೆಲ್ ದೂರದ ಕಡವನ್ನು ತೋರಿಸಬೇಕು ಅಂದುಕೊಳ್ಳಿ. ಪಾಲಿನ ಲೆಕ್ಕದಲ್ಲಿ ನಿಂತಿದ್ದ ಕ್ಯಾಮೆರಾ ಮೊದಲ ಫ್ರೇಮಿನಲ್ಲೇ 60 ಪಿಕ್ಸೆಲ್ ಹಾರುತ್ತದೆ, ಆಮೇಲೆ 54, ಆಮೇಲೆ 49. ಹಿಂದಿನಿಂದ ಯಾರೋ ನೂಕಿದ ಹಾಗೆ ಕಾಣುತ್ತದೆ. ಸ್ಪ್ರಿಂಗ್ ತನ್ನ ವೇಗವನ್ನು ನೆನಪಿಟ್ಟುಕೊಂಡಿರುತ್ತದೆ, ಆದ್ದರಿಂದ ಸೊನ್ನೆಯಿಂದಲೇ ಹೊರಡುತ್ತದೆ. ಕಾಲ `t` 0.3 ಇಟ್ಟರೆ ಮೊದಲ ಫ್ರೇಮಿನಲ್ಲಿ ಮೂರೂವರೆ ಪಿಕ್ಸೆಲ್ ಅಷ್ಟೇ, 0.15 ಸೆಕೆಂಡಿನ ಹೊತ್ತಿಗೆ ಫ್ರೇಮಿಗೆ 24ರವರೆಗೆ ಏರಿ ಮತ್ತೆ ಇಳಿಯುತ್ತದೆ.

```
w = 2 / t
d = x - target
n = (v + w*d) * dt
e = exp(-w*dt)
v = (v - w*n) * e
x = target + (d + n) * e
```

ಇಲ್ಲಿ ವೇಗ `v` ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಉಳಿಯಬೇಕು. ಪ್ರತಿ ಸಲ ಸೊನ್ನೆ ಮಾಡಿದರೆ ಕ್ಯಾಮೆರಾ ಬಸವನಹುಳದ ಹಾಗೆ ತೆವಳುತ್ತದೆ. ಹಾಗೆ ಕಂಡರೆ ಮೊದಲು ಅದನ್ನೇ ನೋಡಿ.

ಮಾಷ್ಟ್ರೇ, ‘ಎಂದಿಗೂ ದಾಟುವುದಿಲ್ಲ’ ಅನ್ನುವುದು ನಿಂತಲ್ಲಿಂದಲೋ ನಿಧಾನವಾಗಿಯೋ ಹೊರಟರೆ ಮಾತ್ರ ಸರಿ. ಕ್ಯಾಮೆರಾ ಸೆಕೆಂಡಿಗೆ 1400 ಪಿಕ್ಸೆಲ್ ವೇಗದಲ್ಲಿ ಬರುತ್ತಿರುವಾಗ ಮಗು ಬೇರೆ ಕಡೆ ಒತ್ತಿ, ಹೊಸ ಗುರಿ ಬರೀ 100 ಪಿಕ್ಸೆಲ್ ಮುಂದೆ ಬಂದರೆ ಏನಾಗುತ್ತದೆ? ಒಂದು ಸಲ ದಾಟಿ ಹೋಗಿ ವಾಪಸು ಬರುತ್ತದೆ. ಎರಡನೇ ಸಲ ದಾಟುವುದಿಲ್ಲ, ಅದೇ ತೊಟ್ಟಿಲಿಗೂ ಇದಕ್ಕೂ ಇರುವ ವ್ಯತ್ಯಾಸ. ಯೂನಿಟಿ ಗೇಮ್ ಎಂಜಿನ್ನಿನ `SmoothDamp` ಮಾತ್ರ ದಾಟಿತು ಅಂತ ಕಂಡರೆ ಗುರಿಯಲ್ಲೇ ಹಿಡಿದು ನಿಲ್ಲಿಸುತ್ತದೆ, ಅದು ಸೂತ್ರದ ಗುಣವಲ್ಲ, ಮೇಲಿಂದ ಸೇರಿಸಿದ್ದು.

ಪದದ ಬಗ್ಗೆ ನನಗೆ ಜಾಸ್ತಿ ಕಾಡುವುದು ಬೇರೆ ಎರಡು. ಒಂದು, ಲರ್ಪ್. ಅದರ ಅರ್ಥ ಎರಡು ಬಿಂದುಗಳ ನಡುವೆ ನೇರ ಗೆರೆಯಲ್ಲಿ ಸಮವಾಗಿ ಹೋಗುವುದು. ನಾವು ಪ್ರತಿ ಫ್ರೇಮಿಗೂ ಉಳಿದದ್ದರಲ್ಲಿ ಪಾಲು ತೆಗೆಯುವಾಗ ನಡೆ ಸಮವಾಗಿ ಇರುವುದೇ ಇಲ್ಲ. ಕನ್ನಡದಲ್ಲಾದರೂ ಇದನ್ನು ‘ಪಾಲುನಡೆ’ ಅನ್ನೋಣ ಅಲ್ವಾ? ಇನ್ನೊಂದು ಆ `SmoothDamp`ನ `smoothTime`, ನಾನು ಮೇಲೆ `t` ಅಂತ ಬರೆದ ಕಾಲ. 0.3 ಅಂದರೆ 0.3 ಸೆಕೆಂಡಿನಲ್ಲಿ ಮುಟ್ಟುತ್ತದೆ ಅಂತ ಎಲ್ಲರೂ ಓದುತ್ತಾರೆ. ನಿಜವಾಗಿ ಆ ಹೊತ್ತಿಗೆ ನೂರಕ್ಕೆ 40 ದೂರ ಇನ್ನೂ ಬಾಕಿ.

ಮತ್ತೆ ನಾನು

ಇದನ್ನು ಓದಿ ಕೂಡಲೇ ಅಳೆದು ನೋಡಿದೆ. ದೋಣಿ ಒಂದೇ ವೇಗದಲ್ಲಿ ಹೋಗುವಾಗ ಕ್ಯಾಮೆರಾ ಹೆಚ್ಚುಕಡಿಮೆ 60 ಪಿಕ್ಸೆಲ್ ಹಿಂದೆ, ಎರಡೂ ಫೋನಿನಲ್ಲಿ. 200ಕ್ಕೆ 0.3 ಗುಣಿಸಿದರೆ ಬರುವುದೂ ಅಷ್ಟೇ! ಅಂದರೆ ಆ ಅಂಕಿ ಮುಟ್ಟುವ ಹೊತ್ತಲ್ಲ, ದೋಣಿ ಈಗ ಇರುವಲ್ಲಿಗೆ ಕ್ಯಾಮೆರಾ ಎಷ್ಟು ತಡವಾಗಿ ಬರುತ್ತದೆ ಅನ್ನುವುದು. ಅದಕ್ಕೆ ‘ಹಿಂದುಳಿಯುವ ಹೊತ್ತು’ ಅಂತ ಬರೆದೆ. ಈಗ 0.15 ಮಾಡಿ ಸುಮಾರು 30 ಪಿಕ್ಸೆಲಿಗೆ ತಂದಿದ್ದೇನೆ. ಹುಡುಗ ನಿನ್ನೆ ಬಂಡೆ ತಪ್ಪಿಸಿ ಕಡವು ಮುಟ್ಟಿಸಿದ.

‘ಪಾಲುನಡೆ’ ತೆಗೆದುಕೊಂಡೆ. ಮಾಷ್ಟ್ರೇ, ‘ಅಂಚಿನ ತಡೆ’ ಕೇಳಿದರೆ ಮಕ್ಕಳಿಗೆ ಪರದೆಯ ಅಂಚಿನಲ್ಲಿ ಏನೋ ತಡೆಯುತ್ತದೆ ಅನ್ನಿಸುವುದಿಲ್ಲವೇ? ನಾನು ಈಗ ‘ಹದ ತಡೆ’ ಇಟ್ಟು, ಕೆಳಗೆ ನಿಮ್ಮ ತೊಟ್ಟಿಲನ್ನು ಬರೆದಿದ್ದೇನೆ.

ಪೆರ್ಲದಿಂದ

ದಾಟುವ ವಿಷಯ ಒಪ್ಪಿದೆ, ನಾನು ನಿಂತ ತೊಟ್ಟಿಲನ್ನಷ್ಟೇ ಯೋಚಿಸಿದ್ದೆ. ಪದ ಇನ್ನೂ ಒಪ್ಪಿಲ್ಲ. ‘ಅಂಚು’ ಬೇಡವಾದರೆ ಬೇಡ, ಆದರೆ ‘ತಡೆ’ ಎಂದರೆ ಮಕ್ಕಳು ಅಡ್ಡ ಹಾಕಿದ ಗೇಟನ್ನು ಯೋಚಿಸುತ್ತಾರೆ. ತೂಗಾಟವನ್ನು ‘ತಣಿಸುವುದು’ ಎಂದರೆ? ಬೇರೆ ಊರಿನವರು ಏನನ್ನುತ್ತೀರಿ, ನೋಡೋಣ.