ಸೀರಮ್ ಡಬ್ಬಿಯ ಮೇಲೆ ‘ಮೊಡವೆ ಗುಣಪಡಿಸುತ್ತದೆ’ ಅಂತ ಬರೆಯಬಹುದೇ?

ಶ್ರುತಿ: ಮುಖದ ಸೀರಮ್ ಒಂದನ್ನು ಮಾರಾಟಕ್ಕೆ ತರುತ್ತಿದ್ದೇನೆ. 4% ನಯಾಸಿನಮೈಡ್, 1% ಗ್ರೀನ್ ಟೀ ಸಾರ ಇದೆ. ಬರೆದದ್ದು ಹೀಗೆ: “ಮೊಡವೆ ಗುಣಪಡಿಸುತ್ತದೆ. ಮೆಲನಿನ್ ಉತ್ಪತ್ತಿ ತಡೆದು ಕಪ್ಪು ಕಲೆ ತೆಗೆಯುತ್ತದೆ. 1% ಗ್ರೀನ್ ಟೀ ಉರಿಯೂತ ತಗ್ಗಿಸುತ್ತದೆ.” ಗ್ರೀನ್ ಟೀ ಮಾತು ಸಾರ ಕೊಟ್ಟವರ ಬ್ರೋಷರ್‌ನದ್ದೇ. ಇದು ಸರಿಯೇ?

ರಾಘವೇಂದ್ರ: “ಗುಣಪಡಿಸುತ್ತದೆ” ತೆಗೆದು “ಗುಣವಾಗಲು ಸಹಾಯ ಮಾಡುತ್ತದೆ” ಅಂತ ಹಾಕಿ. ಕೆಳಗೆ ಸಣ್ಣ ಅಕ್ಷರದಲ್ಲಿ “ಇದು ಔಷಧಿಯಲ್ಲ” ಅಂತ ಒಂದು ಸಾಲು. ಅಷ್ಟು ಸಾಕು.

ಮಾಲತಿ (ಕಾಸ್ಮೆಟಿಕ್ ಲೇಬಲ್ ಪರಿಶೀಲನೆ ನನ್ನ ಕೆಲಸ): ಮಾತು ತಗ್ಗಿಸಬೇಕು ಅನ್ನೋದು ಸರಿ ರಾಘವೇಂದ್ರ ಅವರೇ. ಆದರೆ “ಸಹಾಯ” ಸೇರಿಸಿದರೂ ಮೊಡವೆ ಅನ್ನೋ ಕಾಯಿಲೆ ವಾಕ್ಯದಲ್ಲೇ ಉಳಿಯುತ್ತೆ. ಮೇಲೆ ದೊಡ್ಡದಾಗಿ ಹೇಳಿದ್ದನ್ನು ಕೆಳಗಿನ ಸಣ್ಣ ಸಾಲು ಅಳಿಸೋದಿಲ್ಲ.

ಶ್ರುತಿ, ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಬೇಕು. ಹೇಳಿದ್ದು ನಿಜವೇ? ಕಾಸ್ಮೆಟಿಕ್ ಆಗಿ ಅದನ್ನು ಹೇಳಬಹುದೇ? 4% ನಯಾಸಿನಮೈಡ್ ಜೆಲ್ ಅನ್ನು ಮೊಡವೆ ಇರುವವರ ಮೇಲೆ ಪರೀಕ್ಷಿಸಿ, ಒಳ್ಳೆಯ ಫಲಿತಾಂಶ ಬಂದದ್ದು ಪ್ರಕಟವಾಗಿದೆ. ಆದರೂ ನೀವು “ಮೊಡವೆ ಗುಣಪಡಿಸುತ್ತದೆ” ಅಂದ ಕೂಡಲೇ ಹೆಚ್ಚಿನ ಕಡೆ ನಿಮ್ಮ ಸೀರಮ್ ಅನ್ನು ಔಷಧಿ ಅಂತ ಲೆಕ್ಕ ಹಾಕುತ್ತಾರೆ. ಒಳಗೆ ಏನಿದೆ ಅನ್ನೋದರ ಜೊತೆಗೆ, ಯಾವ ಉದ್ದೇಶಕ್ಕೆ ಮಾರುತ್ತೀರಿ ಅನ್ನೋದನ್ನೂ ನೋಡುತ್ತಾರೆ.

ಮೆಲನಿನ್ ಸಾಲಿನಲ್ಲಿ ವಿಷಯವೇ ತಪ್ಪಿದೆ. ನಯಾಸಿನಮೈಡ್ ಮೆಲನಿನ್ ಉತ್ಪತ್ತಿಯನ್ನು ತಡೆಯೋದಿಲ್ಲ. ತಯಾರಾದ ಬಣ್ಣದ ಕಣಗಳು ಚರ್ಮದ ಮೇಲ್ಪದರದ ಕೋಶಗಳಿಗೆ ದಾಟೋದನ್ನು ಅದು ಕಡಿಮೆ ಮಾಡುತ್ತೆ. ಹಾಗಂತ ಅದನ್ನೂ ಡಬ್ಬಿಯ ಮೇಲೆ ಬರೆಯಬೇಡಿ. ಕಣ್ಣಿಗೆ ಕಾಣುವ ಬದಲಾವಣೆಯನ್ನಷ್ಟೇ ಹೇಳಿ.

ಗ್ರೀನ್ ಟೀ ಬಗ್ಗೆ ಹೇಳುವ ಮೊದಲು ಎರಡು ವಿಷಯ ಬೇಕು. ಸಾರದ ಸ್ಪೆಕ್ ಶೀಟ್‌ನಲ್ಲಿ ಏನೇನು ಎಷ್ಟಿದೆ? ಬ್ರೋಷರ್‌ನ ಪರೀಕ್ಷೆ ಎಷ್ಟು ಪ್ರಮಾಣದಲ್ಲಿ, ಯಾವುದರ ಮೇಲೆ ಆಗಿದೆ?

ಶ್ರುತಿ: ಈಗ ನೋಡಿದೆ ಮೇಡಂ. ಗ್ಲಿಸರಿನ್ ಮತ್ತು ನೀರು 99%, ಎಲೆಯ ಅಂಶ 1%. ಪರೀಕ್ಷೆ 3% ಸಾರ ಹಾಕಿ, ಲ್ಯಾಬ್‌ನಲ್ಲಿ ಬೆಳೆಸಿದ ಕೋಶಗಳ ಮೇಲೆ.

ಮಾಲತಿ: ಹಾಗಾದರೆ ಲೆಕ್ಕ ಹಾಕಿ. ಸೀರಮ್‌ನಲ್ಲಿ ಸಾರ 1%, ಆ ಸಾರದಲ್ಲಿ ಎಲೆಯ ಅಂಶ 1%. ಅಂದರೆ ಸೀರಮ್‌ನಲ್ಲಿ ನಿಜವಾಗಿ ಇರೋದು 0.01%. 30 ಗ್ರಾಂ ಬಾಟಲಿಯಲ್ಲಿ 3 ಮಿಲಿಗ್ರಾಂ. “1% ಗ್ರೀನ್ ಟೀ” ಅಂತ ಓದಿದವರು ಅದರ ನೂರು ಪಟ್ಟು ಇದೆ ಅಂದುಕೊಳ್ಳುತ್ತಾರೆ, ಅಲ್ವಾ? ಪರೀಕ್ಷೆಯಲ್ಲಿ ಹಾಕಿದ್ದು ಇದರ ಮೂರು ಪಟ್ಟು ಸಾರ, ಅದೂ ಬಿಡಿ ಕೋಶಗಳ ಮೇಲೆ. ಮುಖಕ್ಕೆ ಹಚ್ಚಿದ ಸೀರಮ್ ಚರ್ಮದೊಳಗೆ ಎಷ್ಟು ಇಳಿಯುತ್ತೆ ಅನ್ನೋದು ಅದರಿಂದ ಗೊತ್ತಾಗೋದಿಲ್ಲ. ಬ್ರೋಷರ್ ಹೇಳೋದು ಅವರ ಸಾರದ ಬಗ್ಗೆ, ನಿಮ್ಮ ಸೀರಮ್ ಬಗ್ಗೆ ಅಲ್ಲ. ಯುರೋಪಿಯನ್ ಒಕ್ಕೂಟದ 2013ರ ನಿಯಮವೂ ಇದನ್ನೇ ಹೇಳುತ್ತೆ. ಒಂದು ಅಂಶದ ಗುಣವನ್ನು ಹೇಳಿ, ಇಡೀ ಉತ್ಪನ್ನಕ್ಕೆ ಆ ಗುಣ ಇಲ್ಲದಿದ್ದರೂ ಇದೆ ಅಂತ ತೋರಿಸಬಾರದು.

ನಾನಾದರೆ ಹೀಗೆ ಬರೆಯುತ್ತಿದ್ದೆ: “4% ನಯಾಸಿನಮೈಡ್ ಇರುವ ಹಗುರ ಸೀರಮ್. ನಿಯಮಿತವಾಗಿ ಬಳಸಿದರೆ ಚರ್ಮದ ಬಣ್ಣ ಹೆಚ್ಚು ಸಮನಾಗಿ, ಕಲೆಗಳು ತಿಳಿಯಾಗಿ ಕಾಣಲು ನೆರವಾಗುತ್ತದೆ. ಗ್ರೀನ್ ಟೀ ಸಾರವನ್ನೂ ಸೇರಿಸಲಾಗಿದೆ.” ಗ್ರೀನ್ ಟೀಗೆ ಪ್ರಮಾಣವೂ ಬೇಡ, ಗುಣವೂ ಬೇಡ. ನಯಾಸಿನಮೈಡ್ ಪರೀಕ್ಷೆಗಳು ಹೆಚ್ಚಾಗಿ 2ರಿಂದ 5% ಪ್ರಮಾಣದಲ್ಲಿ, ಕೆಲವು ವಾರಗಳ ಕಾಲ ನಡೆದಿವೆ. ಹಾಗಾಗಿ ಈ ಮಾತಿಗೆ ಆಧಾರ ಇದೆ. “8 ವಾರದಲ್ಲಿ” ಅಂತ ಗಡುವು ಹಾಕಬೇಕಿದ್ದರೆ ನಿಮ್ಮದೇ ಸೀರಮ್ ಅನ್ನು ಜನರ ಮೇಲೆ ಪರೀಕ್ಷಿಸಿರಬೇಕು.

ಸುಜಾತಾ: ನಾನು ಸೋಪು ಮಾಡುತ್ತೇನೆ. ಎಕ್ಸಿಮಾಗೆ ಯಾವ ಎಣ್ಣೆ ಒಳ್ಳೆಯದು ಅಂತಲೂ ಹೇಳಿ ಮೇಡಂ. ನನ್ನ ಗ್ರಾಹಕರೊಬ್ಬರು “ಎಕ್ಸಿಮಾ ಪೂರ್ತಿ ಹೋಯಿತು” ಅಂತ ಬರೆದಿದ್ದಾರೆ. ನಾನು ಅದನ್ನು ಪೇಜ್‌ನಲ್ಲಿ ಹಾಕಿದ್ದೇನೆ. ಅದು ಅವರ ಮಾತು, ನನ್ನದಲ್ಲ.

ಮಾಲತಿ: ಎಕ್ಸಿಮಾಗೆ ಚರ್ಮದ ಡಾಕ್ಟರನ್ನೇ ಕೇಳಿ, ಅದು ನನ್ನ ಕೆಲಸವಲ್ಲ. ಆದರೆ ಆ ಪೋಸ್ಟ್ ಇವತ್ತೇ ತೆಗೆಯಿರಿ ಸುಜಾತಾ ಅವರೇ. ನೀವು ಆರಿಸಿ ಹಾಕಿದ ಮೇಲೆ ಅದು ನಿಮ್ಮ ಜಾಹೀರಾತು. ಅಮೆರಿಕದ ಎಫ್‌ಡಿಎ ಎಚ್ಚರಿಕೆ ಪತ್ರಗಳಲ್ಲಿ ಗ್ರಾಹಕರ ಇಂಥ ಮಾತುಗಳನ್ನೇ ಎತ್ತಿ ತೋರಿಸಿದ್ದುಂಟು. ಓದಿದ ಯಾರೋ ಮಗುವಿನ ಮುಲಾಮು ನಿಲ್ಲಿಸಿ ಸೋಪು ಹಚ್ಚಬಹುದು ಅನ್ನೋದೇ ನನಗೆ ಜಾಸ್ತಿ ಚಿಂತೆ.

ಶ್ರುತಿ: “ಮೊಡವೆ ಬರುವ ಚರ್ಮಕ್ಕೆ” ಅಂತಾದರೂ ಹಾಕಬಹುದೇ?

ಇಮ್ರಾನ್ (ಫಾರ್ಮುಲೇಟರ್): ನಾನಾದರೆ ಹಾಕಲು ಬಿಡುತ್ತೇನೆ. ಅದು ಯಾರಿಗೆ ಅಂತ ಹೇಳುತ್ತೆ, ಏನು ಮಾಡುತ್ತೆ ಅಂತ ಅಲ್ಲ.

ಮಾಲತಿ: ಪಕ್ಕದಲ್ಲೇ ಮೊದಲು, ನಂತರ ಅಂತ ಫೋಟೋ ಇದ್ದರೆ ಅದೂ ಚಿಕಿತ್ಸೆಯ ಮಾತೇ ಆಗುತ್ತೆ ಇಮ್ರಾನ್. ಒಂದೊಂದು ದೇಶದಲ್ಲಿ ಒಂದೊಂದು ಥರ ನೋಡುತ್ತಾರೆ. ನಾನು “ಎಣ್ಣೆ ಚರ್ಮಕ್ಕೆ” ಅಂತ ಬರೆಸುತ್ತೇನೆ. ಶ್ರುತಿ, ಯಾವ ಯಾವ ದೇಶದಲ್ಲಿ ಮಾರುತ್ತೀರಿ ಅಂತ ಹೇಳಿ, ಆಮೇಲೆ ನೋಡೋಣ.