ಅಪ್‌ಡೇಟ್: ಪಟ್ಟೆ ಹೋಯಿತು, ಗ್ರೇನಿಗೆ ಲ್ಯಾಂಪೇ ಬೇಕಾಯಿತು

ಕೇಳಿದ್ದು: "ಟ್ಯೂಬ್‌ಲೈಟಿನಡಿ ಫೋನಲ್ಲಿ ವಿಡಿಯೋ ತೆಗೆದರೆ ಪಟ್ಟೆ ಓಡುತ್ತೆ, ಗ್ರೇನೂ ಜಾಸ್ತಿ. ಏನ್ಮಾಡಲಿ?"

ಪಟ್ಟೆ ಶಟರಿನಿಂದಲೇ ಹೋಯಿತು. 50 ಹರ್ಟ್ಸ್ ಕರೆಂಟಿನಲ್ಲಿ ಹಳೇ ಚೋಕಿನ ಟ್ಯೂಬ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಪ್ರೊ ಮೋಡಿನಲ್ಲಿ ಶಟರನ್ನು 1/50 ಸೆಕೆಂಡಿಗೆ ಲಾಕ್ ಮಾಡಿದರೆ ಪ್ರತಿ ಫ್ರೇಮಿಗೂ ಎರಡು ಪೂರ್ತಿ ಮಿಣುಕು ಸಿಗುತ್ತದೆ. 60 ಹರ್ಟ್ಸ್ ಇದ್ದಲ್ಲಿ 1/60.

ಗ್ರೇನ್ ಮಾತ್ರ ಉಳಿಯಿತು, ಏಕೆಂದರೆ 1/50ರಲ್ಲೂ ಬೆಳಕು ಸಾಲದೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600 ಬೇಕಿತ್ತು; ಅದು ಏರಿದಷ್ಟೂ ಗ್ರೇನ್ ಜಾಸ್ತಿ. ಶಟರ್ ಇನ್ನೂ ನಿಧಾನ ಮಾಡಿದರೆ ಕೈಯಾಡಿಸಿದಾಗ ಮಸುಕಾಗುತ್ತದೆ. ಲ್ಯಾಂಪ್ ಬೇಕಾಗುವುದು ಇಲ್ಲೇ. ಐಎಸ್‌ಒ 400ಕ್ಕೆ ಇಳಿಸಲು ನಾಲ್ಕು ಪಟ್ಟು ಬೆಳಕು ಬೇಕು. ಸಣ್ಣ ಲ್ಯಾಂಪನ್ನು 2 ಮೀಟರಿನಿಂದ 1 ಮೀಟರಿಗೆ ತಂದರೆ ಮುಖದ ಮೇಲೆ ಅದರ ಬೆಳಕು ಅಷ್ಟೇ ಹೆಚ್ಚುತ್ತದೆ.

ಡಿಮ್ಮರ್ ತಗ್ಗಿಸಿದಾಗ ಕೆಲವು ಎಲ್‌ಇಡಿಗಳೂ ಮಿಣುಕುತ್ತವೆ. ಟ್ಯೂಬ್ ಆರಿಸಿ, ಶಟರ್ 1/1000 ಇಟ್ಟು ನೋಡಿ, ಪಟ್ಟೆ ಕಂಡರೆ ಆ ಲ್ಯಾಂಪ್ ಬೇಡ.