ಮಾಕ್ ರೀಕಾಲ್‌ನಲ್ಲಿ 80 ಕೆಜಿ ಲೆಕ್ಕಕ್ಕೇ ಸಿಗುತ್ತಿಲ್ಲ

ಬಿಸ್ಕತ್ತುಮನೆ: ನಮ್ಮ ಲಾಟ್ ಲೆಕ್ಕ ಎಲ್ಲ ಎಕ್ಸೆಲ್‌ನಲ್ಲಿದೆ. ಬ್ಯಾಚ್‌ಗೆ ಒಂದು ಸಾಲು, ಸಾಮಗ್ರಿಗೆ ಒಂದು ಕಾಲಂ. ಮಾಲು ವಾಪಸ್ ತರಿಸುವ ಅಭ್ಯಾಸಕ್ಕೆ, ಕಡಲೆಕಾಯಿ ಪೇಸ್ಟ್‌ನ P-07 ಲಾಟ್ ಕೆಟ್ಟಿದೆ ಅಂತ ಇಟ್ಟುಕೊಂಡು ಅದು ಯಾವ ಬ್ಯಾಚ್‌ಗಳಿಗೆ ಹೋಗಿದೆ ಅಂತ ಹುಡುಕಿದೆವು. ಬಂದದ್ದು 200 ಕೆಜಿ, ಗೋದಾಮಿನಲ್ಲಿ ಈಗ ಏನೂ ಇಲ್ಲ. ಶೀಟಿನಲ್ಲಿ ಸಿಗುವುದು B-112 ಬ್ಯಾಚ್ ಒಂದೇ, ಅದಕ್ಕೆ ಹೋಗಿದ್ದು 120 ಕೆಜಿ. ಮಿಕ್ಕಿದ್ದು ಎಲ್ಲಿ?

ಲೇಬಲ್ರಾಯ: ಪ್ಯಾಕೆಟ್ ಮೇಲೆ ಎಕ್ಸ್‌ಪೈರಿ ಡೇಟ್ ಸರಿಯಾಗಿ ಬರ್ತಿದೆಯಾ? ನಮ್ಮಲ್ಲಿ ಪ್ರಿಂಟರ್‌ದೇ ತೊಂದರೆ ಇತ್ತು.

ಬಿಸ್ಕತ್ತುಮನೆ: ಪ್ರಿಂಟ್ ಸರಿ ಇದೆ ಸರ್, ಸಮಸ್ಯೆ ಒಳಗೆ ಹೋದ ಪೇಸ್ಟಿಂದು.

ಗೋದಾಮು: ಹಳೇ ಲಾಟ್ ಮೊದಲು ಖಾಲಿ ಮಾಡ್ತೀರಿ ಅಲ್ವಾ? ಹಾಗಾದರೆ B-113ಕ್ಕೆ ಹೋಗಿರುತ್ತೆ. ಅದನ್ನೂ ವಾಪಸ್ ತರಿಸಿ, ಮುಗೀತು.

ತೂಕದಚೀಟಿ: ಅಂದಾಜು ಸರಿ ಇರಬಹುದು, ಆದರೆ ಅಂದಾಜಿನ ಮೇಲೆ ಮಾಲು ವಾಪಸ್ ತರಿಸಬಾರದು. ಆ ಬ್ಯಾಚ್ ಕಲಸುವಾಗ ಬರೆದ ತೂಕದ ಚೀಟಿ ತೆಗೆದು ನೋಡಿ.

ಬಿಸ್ಕತ್ತುಮನೆ: ನೋಡಿದೆ. B-113ಕ್ಕೆ P-07 80 ಕೆಜಿ, P-08 40 ಕೆಜಿ. ಶೀಟಿನಲ್ಲಿ P-08 ಮಾತ್ರ ಇದೆ.

ತೂಕದಚೀಟಿ: ಒಂದು ಖಾನೆಯಲ್ಲಿ ಒಂದೇ ಲಾಟ್ ಹಿಡಿಯುತ್ತೆ, ಅದಕ್ಕೇ ಒಂದು ಲಾಟ್ ಮುಗಿದು ಇನ್ನೊಂದು ಶುರುವಾದ ಬ್ಯಾಚ್‌ಗಳಲ್ಲೆಲ್ಲ ಹೀಗೇ ಆಗಿರುತ್ತೆ. Use ಅಂತ ಬೇರೆ ಶೀಟ್ ಮಾಡಿ: A ಬ್ಯಾಚ್, B ಲಾಟ್, C ಕೆಜಿ. ಎರಡು ಲಾಟ್ ಹಾಕಿದರೆ ಎರಡು ಸಾಲು. ಆಮೇಲೆ ಇದು:

```
=SUMIFS(Use!C:C,Use!B:B,"P-07")
```

ಬಂದ ಉತ್ತರಕ್ಕೆ ಉಳಿದ ಸ್ಟಾಕ್, ಚೆಲ್ಲಿದ್ದು ಎರಡನ್ನೂ ಕೂಡಿ. ಒಟ್ಟು 200ರ ಹತ್ತಿರ ಬರಲೇಬೇಕು. ಇನ್ನೊಂದು ಮಾತು, ಒಡೆದ ಬಿಸ್ಕತ್ತು ಏನು ಮಾಡ್ತೀರಿ?

ಬಿಸ್ಕತ್ತುಮನೆ: ಪುಡಿ ಮಾಡಿ ಮುಂದಿನ ಹಿಟ್ಟಿಗೆ ಸೇರಿಸ್ತೀವಿ. B-112ರ ಪುಡಿ 15 ಕೆಜಿ B-115ಕ್ಕೆ ಹೋಗಿದೆ ಅಂತ ಕಲಸುವವರು ಹೇಳ್ತಾರೆ. ಎಲ್ಲೂ ಬರೆದಿಲ್ಲ.

ತೂಕದಚೀಟಿ: ಹಾಗಾದರೆ B-115ನ್ನೂ ತರಿಸಬೇಕು, ಆ ಬ್ಯಾಚ್‌ಗೆ P-07 ನೇರವಾಗಿ ಒಂದು ಚಮಚವೂ ಹೋಗಿಲ್ಲದಿದ್ದರೂ. ಪುಡಿ ತುಂಬಿದ ಡಬ್ಬಕ್ಕೂ R-112 ಅಂತ ನಂಬರ್ ಅಂಟಿಸಿ, ಬೇರೆ ಸಾಮಗ್ರಿ ಥರಾನೇ Use ಶೀಟಿಗೆ ಹಾಕಿ. ಹುಡುಕುವಾಗ P-07ರಿಂದ ಬ್ಯಾಚ್‌ಗಳು, ಆ ಬ್ಯಾಚ್‌ಗಳ ಪುಡಿ, ಪುಡಿ ಹೋದ ಬ್ಯಾಚ್‌ಗಳು, ಹೀಗೆ ಹೊಸ ನಂಬರ್ ಸಿಗದವರೆಗೂ ಹೋಗ್ತಾ ಇರಬೇಕು. ಬೇರೆ ಬೇರೆ ಬ್ಯಾಚ್‌ಗಳ ಪುಡಿಯನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ.

ಸಾಸ್ಟ್ಯಾಂಕ್: ನಮ್ಮದು ದೊಡ್ಡ ಎಣ್ಣೆ ಟ್ಯಾಂಕ್, ಖಾಲಿ ಆಗೋ ಮೊದಲೇ ಮತ್ತೆ ತುಂಬಿಸ್ತೀವಿ. ಅಲ್ಲಿ ಲಾಟ್ ಹೇಗೆ ಬೇರೆ ಮಾಡೋದು?

ತೂಕದಚೀಟಿ: ಬೇರೆ ಮಾಡೋಕೆ ಆಗಲ್ಲ. ಪೂರ್ತಿ ಖಾಲಿ ಮಾಡಿ ತೊಳೆದ ಒಂದು ಸಲದಿಂದ ಮುಂದಿನ ಸಲದವರೆಗೆ ಹಾಕಿದ ಎಲ್ಲ ಲಾಟ್‌ಗಳನ್ನೂ ಒಂದೇ ಅಂತ ಹಿಡೀಬೇಕು.

ಸಾಸ್ಟ್ಯಾಂಕ್: ಟ್ಯಾಂಕ್ ತೊಳೆದರೆ ಆ ದಿನದ ಕೆಲಸ ನಿಂತಂತೆಯೇ. ತಿಂಗಳಿಗೊಮ್ಮೆ ಸಾಕಾ?

ತೂಕದಚೀಟಿ: ಒಂದು ತಿಂಗಳ ಮಾಲೆಲ್ಲ ವಾಪಸ್ ತರಿಸೋಕೆ ನಿಮ್ಮ ಕೈಲಾಗುತ್ತಾ?

ಸಾಸ್ಟ್ಯಾಂಕ್: ಇಲ್ಲ. ಎರಡು ಚಿಕ್ಕ ಟ್ಯಾಂಕ್ ಇಟ್ಟು ಒಂದಾದ ಮೇಲೆ ಒಂದು ಖಾಲಿ ಮಾಡಬಹುದಾ ನೋಡ್ತೀನಿ. ಯಾರಾದ್ರೂ ಹಾಗೆ ಮಾಡಿದ್ದರೆ ಹೇಳಿ.